ಚಾಪೆಯಲ್ಲಿ ಕೂತವರಿಗೆ ಕೇಳಿದ್ದು, ಕುರ್ಚಿಯಲ್ಲಿ ಕೂತವರಿಗೆ ಕೇಳದ್ದು

(ಶಿವಮೊಗ್ಗದಲ್ಲಿ ಧ್ವನಿ ಉಪಕರಣಗಳನ್ನು ತಾವೇ ಕಟ್ಟಿಕೊಳ್ಳುವ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸ್ಪೀಕರ್ ಪೆಟ್ಟಿಗೆಯೊಳಗೆ ಕೆಳಗಿನ ಕಂಪನಗಳನ್ನು ವೂಫರಿಗೂ ಮೇಲಿನವನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಾಗ, ಆ ವಿಷಯದ ಎಲ್ಲ ಕವಲುಗಳನ್ನೂ ಮುಟ್ಟುವ ಬದಲು ನನ್ನ ಕೈಯಲ್ಲೇ ಆದ ಒಂದು ತಪ್ಪನ್ನು ಬಿಡಿಸಿ ಹೇಳಿದರೆ ಹೆಚ್ಚು ಉಪಯೋಗವಾದೀತು ಎಂದುಕೊಂಡೆ. ಆ ತಪ್ಪಿನಲ್ಲಿ ಫಿಲ್ಟರಿನ ಇಳಿಜಾರು, ವೂಫರ್ ಮತ್ತು ಟ್ವೀಟರ್ ನಡುವಿನ ಫೇಸ್ ವ್ಯತ್ಯಾಸ, ಪುಸ್ತಕದ ಲೆಕ್ಕಕ್ಕೂ ಪೆಟ್ಟಿಗೆಯ ನಡವಳಿಕೆಗೂ ಇರುವ ಅಂತರ ಎಲ್ಲವೂ ಒಟ್ಟಿಗೇ ಇವೆ.

ತೀರ್ಥಹಳ್ಳಿ ಕಡೆ ಇರುವ ನಮ್ಮ ದೊಡ್ಡಪ್ಪನ ಮನೆಗೆಂದು ನಾನು ಒಂದು ಜೊತೆ ಪೆಟ್ಟಿಗೆ ಕಟ್ಟಿದ್ದೆ. ಆರೂವರೆ ಇಂಚಿನ ವೂಫರ್, ಅದರ ಮೇಲೆ ಒಂದು ಇಂಚಿನ ಬಟ್ಟೆಯ ಡೋಮ್ ಟ್ವೀಟರ್, ಎರಡೂ 8 ಓಮ್‌ನವು, ಎರಡರ ನಡುಬಿಂದುಗಳ ಅಂತರ 18 ಸೆಂಟಿಮೀಟರ್. ಜಗಲಿಯ ಕೊನೆಯಲ್ಲಿ ಒಂದು ಬೆಂಚಿನ ಮೇಲೆ ಇಟ್ಟಾಗ ಟ್ವೀಟರ್ ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿ, ಅಂದರೆ ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟದಲ್ಲಿ ಬಂತು. ಅವರ ಬಳಿಯಿದ್ದ ತಾಳಮದ್ದಳೆಯ ಒಂದು ಹಳೆಯ ಧ್ವನಿಮುದ್ರಣವನ್ನು ಹಾಕಿದೆವು. ಎರಡು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ದೊಡ್ಡಪ್ಪ ಸ್ವಲ್ಪ ಹೊತ್ತು ಕೇಳಿ, "ಮದ್ದಳೆ ಚೆಂದ ಬರ್ತದೆ, ಅರ್ಥಗಾರಿಕೆ ಮಾತ್ರ ಕಂಬಳಿ ಒಳಗಿಂದ ಮಾತಾಡಿದ ಹಾಗೆ ಕೇಳ್ತದಲ್ಲ ಮಾರಾಯ" ಎಂದರು. ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ ದೊಡ್ಡಮ್ಮ, "ಎಂತ ಕಂಬಳಿಯೂ ಇಲ್ಲ, ನಂಗೆ ಒಂದೊಂದು ಮಾತೂ ಬಿಡಿಸಿ ಕೇಳ್ತದೆ" ಎಂದರು. ವಯಸ್ಸಿನ ಕಿವಿ ಎಂದು ನಾನು ಅಂದುಕೊಂಡೆ. ಆದರೆ ದೊಡ್ಡಪ್ಪ ಯಾಕೋ ಚಾಪೆಗೆ ಇಳಿದು ಕೂತ ಕ್ಷಣ "ಈಗ ಸರಿಯಾಯ್ತು" ಎಂದರು. ಏನು ಬದಲಿಸಿದೆ ಎಂದು ನನ್ನನ್ನೇ ಕೇಳಿದರು. ನಾನು ಏನನ್ನೂ ಮುಟ್ಟಿರಲಿಲ್ಲ. ಬದಲಾದದ್ದು ಅವರ ಕಿವಿಯ ಎತ್ತರ ಮಾತ್ರ, ಸುಮಾರು 35 ಸೆಂಟಿಮೀಟರ್.

ಕಿವಿ ಒಂದು ಮೊಳದಷ್ಟೂ ಇಳಿಯದೆ ಮಾತಿನ ಸ್ಪಷ್ಟತೆ ಇಷ್ಟು ಬದಲಾಗುವುದಾದರೆ ದೋಷ ವೂಫರಿನಲ್ಲೂ ಇಲ್ಲ, ಟ್ವೀಟರಿನಲ್ಲೂ ಇಲ್ಲ, ಇವೆರಡೂ ಕೂಡುವ ಜಾಗದಲ್ಲಿದೆ. ಅದು ಹೇಗೆ ಎಂಬುದನ್ನು ಮೊದಲಿನಿಂದ ನೋಡೋಣ.

ಕ್ರಾಸ್‌ಓವರ್ ಮಾಡುವ ಕೆಲಸ ನಿಮಗೆಲ್ಲ ಗೊತ್ತಿದೆ. ಟ್ವೀಟರಿಗೆ ಹೋಗುವ ದಾರಿಯಲ್ಲಿ ಕೆಪಾಸಿಟರ್ ಇಟ್ಟರೆ ಅದು ಕೆಳಗಿನ ಕಂಪನಗಳನ್ನು ತಡೆಯುತ್ತದೆ, ವೂಫರಿಗೆ ಹೋಗುವ ದಾರಿಯಲ್ಲಿ ತಂತಿಯ ಕಾಯಿಲ್ ಇಟ್ಟರೆ ಅದು ಮೇಲಿನ ಕಂಪನಗಳನ್ನು ತಡೆಯುತ್ತದೆ. ಹೀಗೆ ಒಂದೊಂದೇ ಭಾಗ ಇದ್ದರೆ ಮಟ್ಟ ಪ್ರತಿ ಆಕ್ಟೇವಿಗೆ, ಸಂಗೀತದವರ ಮಾತಿನಲ್ಲಿ ಒಂದು ಸ್ಥಾಯಿಗೆ, 6 ಡೆಸಿಬಲ್‌ನಂತೆ ಇಳಿಯುತ್ತದೆ. ಟ್ವೀಟರಿನ ಕೆಪಾಸಿಟರ್ ಆದ ಮೇಲೆ ಅಡ್ಡಲಾಗಿ ಒಂದು ಕಾಯಿಲ್, ವೂಫರಿನ ಕಾಯಿಲ್ ಆದ ಮೇಲೆ ಅಡ್ಡಲಾಗಿ ಒಂದು ಕೆಪಾಸಿಟರ್ ಸೇರಿಸಿದರೆ ಇಳಿಜಾರು 12 ಡೆಸಿಬಲ್ ಆಗುತ್ತದೆ, ಮೂರು ಭಾಗಗಳಿಗೆ 18, ನಾಲ್ಕಕ್ಕೆ 24.

ಇಳಿಜಾರು ಕಡಿದಾಗಿರಬೇಕು ಎನ್ನುವುದಕ್ಕೆ ಮುಖ್ಯ ಕಾರಣ ಟ್ವೀಟರಿನ ರಕ್ಷಣೆ. ನಾನು ಹಾಕಿದ್ದ ಟ್ವೀಟರಿನ ಸಹಜ ಕಂಪನ 1100 ಹರ್ಟ್ಸ್ ಆಸುಪಾಸು. ಅದೇ ಗಟ್ಟಿತನಕ್ಕೆ ಒಂದು ಸ್ಥಾಯಿ ಕೆಳಗಿಳಿದರೆ ಡೋಮ್ ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕಾಗುತ್ತದೆ, ಮತ್ತು ಸಹಜ ಕಂಪನದ ಬಳಿ ಅದನ್ನು ಹಿಡಿದಿಡುವುದೇ ಕಷ್ಟ. 2500 ಹರ್ಟ್ಸ್‌ನಲ್ಲಿ ಬೇರ್ಪಡಿಸಿದಾಗ ಒಂದೇ ಕೆಪಾಸಿಟರಿನ ಫಿಲ್ಟರ್ 1100 ಹರ್ಟ್ಸ್‌ನಲ್ಲಿ ಟ್ವೀಟರಿಗೆ ಹೋಗುವುದನ್ನು ಸುಮಾರು 8 ಡೆಸಿಬಲ್ ಮಾತ್ರ ತಗ್ಗಿಸುತ್ತದೆ. ನಾನು ಬಳಸಿದ ಬಗೆಯ 12 ಡೆಸಿಬಲ್‌ನ ಫಿಲ್ಟರ್ ಸುಮಾರು 16 ತಗ್ಗಿಸುತ್ತದೆ. ಆದ್ದರಿಂದಲೇ ನಾನು 12ನ್ನು ಆರಿಸಿಕೊಂಡೆ. 6 ಡೆಸಿಬಲ್‌ನ ಫಿಲ್ಟರ್ ಕಾಗದದ ಮೇಲೆ ಅತ್ಯಂತ ಸುಂದರವಾಗಿ ಕೂಡುತ್ತದೆ ಎಂಬುದು ನಿಜ, ಆದರೆ ಸಣ್ಣ ಡೋಮ್ ಟ್ವೀಟರಿನ ಮೇಲೆ ಆ ಭಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಪ್ರತಿ ಫಿಲ್ಟರ್ ಮಟ್ಟವನ್ನು ಇಳಿಸುವುದರ ಜೊತೆಗೆ ತರಂಗವನ್ನು ಸಮಯದಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಸುತ್ತದೆ. ಈ ಸರಿತವೇ ಫೇಸ್. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನೆನಪಿಸಿಕೊಳ್ಳಿ. ಇಬ್ಬರ ಒನಕೆಯೂ ಒಂದೇ ಲಯದಲ್ಲಿ ಇರುತ್ತದೆ, ಆದರೆ ಒಬ್ಬರದು ಮೇಲಿದ್ದಾಗ ಇನ್ನೊಬ್ಬರದು ಕೆಳಗಿರುತ್ತದೆ. ಒಂದು ಪೂರ್ತಿ ಆವರ್ತವನ್ನು 360 ಡಿಗ್ರಿ ಎಂದುಕೊಂಡರೆ ಇವರ ನಡುವಿನ ವ್ಯತ್ಯಾಸ 180 ಡಿಗ್ರಿ. ಒರಳಿಗೆ ಇದು ಒಳ್ಳೆಯದು. ಆದರೆ ಎರಡು ಸ್ಪೀಕರ್‌ಗಳು ಹೀಗೆ ಮಾಡಿದರೆ ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಸೆಳೆಯುತ್ತದೆ, ನಿಮ್ಮ ಕಿವಿಗೆ ಎರಡೂ ತಲುಪಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ವೂಫರ್ ಮಾತ್ರ ಅಥವಾ ಟ್ವೀಟರ್ ಮಾತ್ರ ನುಡಿಯುವ ಕಡೆ ಈ ಚಿಂತೆಯಿಲ್ಲ. ಎರಡೂ ಸರಿಸಮವಾಗಿ ನುಡಿಯುವ ಕ್ರಾಸ್‌ಓವರ್ ಬಿಂದುವಿನ ಆಚೀಚೆ ಒಂದೊಂದು ಸ್ಥಾಯಿಯಷ್ಟು ಜಾಗದಲ್ಲಿ ಇದೇ ಎಲ್ಲವನ್ನೂ ತೀರ್ಮಾನಿಸುತ್ತದೆ. 2500 ಹರ್ಟ್ಸ್ ಸುತ್ತಮುತ್ತಲಿನ ಆ ಜಾಗದಲ್ಲಿ ಮದ್ದಳೆಯ ತಗ್ಗು ನಾದವಿಲ್ಲ. ವ್ಯಂಜನಗಳನ್ನು ಒಂದರಿಂದ ಒಂದು ಬೇರೆಯೆಂದು ಗುರುತಿಸುವ ಅಂಚು ಇದೆ. ದೊಡ್ಡಪ್ಪನಿಗೆ ಮದ್ದಳೆ ಚೆಂದ ಕೇಳಿ ಮಾತು ಮಬ್ಬಾಗಿ ಕೇಳಿದ್ದು ಅದಕ್ಕೆ.

12 ಡೆಸಿಬಲ್‌ನ ಜೋಡಿ ಫಿಲ್ಟರಿನಲ್ಲಿ ಕ್ರಾಸ್‌ಓವರ್ ಬಿಂದುವಿನಲ್ಲಿ ವೂಫರಿನ ಭಾಗ 90 ಡಿಗ್ರಿ ಹಿಂದೆ ಬೀಳುತ್ತದೆ, ಟ್ವೀಟರಿನ ಭಾಗ 90 ಡಿಗ್ರಿ ಮುಂದೆ ಹೋಗುತ್ತದೆ, ನಡುವಿನ ಅಂತರ ಸರಿಯಾಗಿ 180. ಆದ್ದರಿಂದ ಪುಸ್ತಕಗಳೆಲ್ಲ ಒಂದೇ ಮಾತು ಹೇಳುತ್ತವೆ: ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿ. ಆಗ ಇನ್ನೊಂದು 180 ಸೇರಿ ಲೆಕ್ಕ ಸಮವಾಗುತ್ತದೆ. 1930ರಲ್ಲಿ ಸ್ಟೀಫನ್ ಬಟರ್‌ವರ್ತ್ ವಿವರಿಸಿದ ಬಗೆಯ ಫಿಲ್ಟರನ್ನು ಬಳಸಿದರೆ ಈ ಬಿಂದುವಿನಲ್ಲಿ ಎರಡೂ ಭಾಗಗಳು 3 ಡೆಸಿಬಲ್ ಮಾತ್ರ ಇಳಿದಿರುವುದರಿಂದ ಕೂಡಿದಾಗ 3 ಡೆಸಿಬಲ್ ಉಬ್ಬು ಬರುತ್ತದೆ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರಾಗಿದ್ದ ಜೀಗ್‌ಫ್ರೀಡ್ ಲಿಂಕ್‌ವಿಟ್ಸ್ ತಮ್ಮ ಸಹೋದ್ಯೋಗಿ ರಸ್ ರೈಲಿಯವರ ಜೊತೆ ಸೇರಿ ರೂಪಿಸಿ 1976ರಲ್ಲಿ ಪ್ರಕಟಿಸಿದ ಬಗೆಯಲ್ಲಿ ಎರಡೂ ಭಾಗಗಳು ಆ ಬಿಂದುವಿನಲ್ಲಿ 6 ಡೆಸಿಬಲ್, ಅಂದರೆ ಸರಿಯಾಗಿ ಅರ್ಧಕ್ಕೆ, ಇಳಿದಿರುತ್ತವೆ. ಫೇಸ್ ಕೂಡಿದ್ದರೆ ಅರ್ಧಕ್ಕೆ ಅರ್ಧ ಸೇರಿ ಒಂದಾಗುತ್ತದೆ, ಉಬ್ಬೂ ಇಲ್ಲ, ತಗ್ಗೂ ಇಲ್ಲ. ನಾನು ಮಾಡಿದ್ದು ಈ ಬಗೆಯನ್ನೇ, ಎರಡು ಭಾಗಗಳ ರೂಪದಲ್ಲಿ. C ಕೆಪಾಸಿಟರ್, L ಕಾಯಿಲ್, f ಕ್ರಾಸ್‌ಓವರ್ ಬಿಂದು, R ಸ್ಪೀಕರಿನ ಓಮ್ ಎಂದುಕೊಂಡರೆ ಲೆಕ್ಕ ಇಷ್ಟೇ:

```
C = 1 / (4·π·f·R) = 1 / (4·π·2500·8) ≈ 4 µF
L = R / (π·f)     = 8 / (π·2500)     ≈ 1 mH
```

ಎರಡೂ ಕಡೆ ಇದೇ ಬೆಲೆಗಳು. ವೂಫರಿನ ಕೋನನ್ನು ಅಲುಗಿಸುವ ವಾಯ್ಸ್ ಕಾಯಿಲಿನ ತಡೆ ಮೇಲಿನ ಕಂಪನಗಳಲ್ಲಿ ಏರುತ್ತಾ ಹೋಗುವುದರಿಂದ ಅದನ್ನು ಸಮಗೊಳಿಸಲು ವೂಫರಿನ ತುದಿಗಳ ನಡುವೆ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರಿನ ಸರಣಿಯನ್ನು, ಝೋಬೆಲ್ ಎಂದು ಕರೆಯುವ ಜೋಡಣೆಯನ್ನು, ಹಾಕಿದ್ದೆ. ಅದಿಲ್ಲದೆ 8 ಓಮ್ ಎಂದು ಹಿಡಿದ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಟ್ವೀಟರಿನ ತಂತಿಗಳನ್ನು ಪುಸ್ತಕ ಹೇಳಿದಂತೆ ತಿರುಗಿಸಿ ಜೋಡಿಸಿದ್ದೆ. ಅಂದರೆ ನಾನು ಪುಸ್ತಕದ ಒಂದು ಸಾಲನ್ನೂ ಮೀರಿರಲಿಲ್ಲ. ಆದರೂ ಮಾತು ಮಬ್ಬಾಗಿತ್ತು.

ಪುಸ್ತಕದ ಈ ಲೆಕ್ಕ ಮೂರು ಸಂಗತಿಗಳನ್ನು ಇಲ್ಲವೆಂದೇ ಹಿಡಿದುಕೊಂಡಿದೆ. ಮೊದಲನೆಯದು ದೂರ. ಧ್ವನಿ ಹುಟ್ಟುವುದು ಮುಂದಿನ ಹಲಗೆಯ ಮಟ್ಟದಲ್ಲಲ್ಲ, ಹೆಚ್ಚುಕಡಿಮೆ ವಾಯ್ಸ್ ಕಾಯಿಲ್ ಇರುವ ಕಡೆ. ಟ್ವೀಟರಿನ ಕಾಯಿಲ್ ಹಲಗೆಗೆ ಹತ್ತಿರವೇ ಇದೆ, ವೂಫರಿನ ಕಾಯಿಲ್ ಕೋನಿನ ಆಳದಲ್ಲಿದೆ. ನನ್ನ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸ ಸುಮಾರು 2.5 ಸೆಂಟಿಮೀಟರ್. ಕೇಳಲು ಇದು ಏನೂ ಅಲ್ಲ. ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 346 ಮೀಟರ್, ಆದ್ದರಿಂದ 2500 ಹರ್ಟ್ಸ್‌ನ ಒಂದು ಪೂರ್ತಿ ತರಂಗದ ಉದ್ದ ಬರೀ 13.8 ಸೆಂಟಿಮೀಟರ್. ಅದರಲ್ಲಿ 2.5 ಎಂದರೆ 65 ಡಿಗ್ರಿ. ವೂಫರ್ ಅಷ್ಟು ತಡವಾಗಿ ತಲುಪುತ್ತದೆ.

ಎರಡನೆಯದು ವೂಫರಿನ ಸ್ವಂತ ಇಳಿಜಾರು. ಯಾವ ಫಿಲ್ಟರೂ ಇಲ್ಲದಿದ್ದರೂ ವೂಫರ್ ತನ್ನಷ್ಟಕ್ಕೆ ಮೇಲೆ ಎಲ್ಲೋ ಇಳಿಯಲು ತೊಡಗುತ್ತದೆ. ನನ್ನದು 5000 ಹರ್ಟ್ಸ್ ಬಳಿ ಇಳಿಯುತ್ತಿತ್ತು. ಮಟ್ಟದಲ್ಲಿ ನೋಡಿದರೆ 2500ರಲ್ಲಿ ಅದು ಏನೂ ಇಳಿದಂತೆ ಕಾಣುವುದಿಲ್ಲ, ಆದರೆ ಫೇಸ್ ಮಟ್ಟಕ್ಕಿಂತ ಬಹಳ ಮೊದಲೇ ಸರಿಯಲು ಶುರುಮಾಡುತ್ತದೆ: ಇಲ್ಲಿ ಸುಮಾರು 44 ಡಿಗ್ರಿ ಹಿಂದೆ. ಮೂರನೆಯದು ಇದರ ಕನ್ನಡಿಬಿಂಬ. ಟ್ವೀಟರ್ ತನ್ನ 1100 ಹರ್ಟ್ಸ್‌ನ ಕೆಳಗೆ ತಾನೇ ಇಳಿಯುತ್ತದೆ, ಆ ಇಳಿಜಾರಿನ ನೆರಳು 2500ರವರೆಗೂ ಬಂದು ಟ್ವೀಟರನ್ನು ಸುಮಾರು 31 ಡಿಗ್ರಿ ಮುಂದಕ್ಕೆ ತಳ್ಳುತ್ತದೆ.

ಈ ಮೂರೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಹೆಚ್ಚಿನ ಸಾಧಾರಣ ಪೆಟ್ಟಿಗೆಗಳಲ್ಲಿ ಹೀಗೆಯೇ ಇರುತ್ತದೆ. 65, 44, 31 ಕೂಡಿದರೆ 140 ಡಿಗ್ರಿ. ಟ್ವೀಟರನ್ನು ತಿರುಗಿಸಿ ಎಲ್ಲವನ್ನೂ ಸೊನ್ನೆಗೆ ತಂದೆ ಎಂದು ನಾನು ಭಾವಿಸಿದ್ದ ಪೆಟ್ಟಿಗೆಯಲ್ಲಿ ವೂಫರ್ ನಿಜವಾಗಿ 140 ಡಿಗ್ರಿ ಹಿಂದೆ ಬಿದ್ದಿತ್ತು. ಸಮ ಮಟ್ಟದ ಎರಡು ತರಂಗಗಳ ನಡುವೆ φ ಡಿಗ್ರಿ ವ್ಯತ್ಯಾಸವಿದ್ದಾಗ, ಫೇಸ್ ಪೂರ್ತಿ ಕೂಡಿದ್ದಾಗ ಬರಬೇಕಿದ್ದ ಮಟ್ಟಕ್ಕಿಂತ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಹೀಗೆ ಲೆಕ್ಕ ಹಾಕಬಹುದು:

```
20·log10( cos(φ/2) )
```

140ಕ್ಕೆ ಇದು ಮೈನಸ್ 9.3 ಡೆಸಿಬಲ್. ದೊಡ್ಡಪ್ಪ ಹೊದ್ದಿಸಿದ ಕಂಬಳಿಯ ದಪ್ಪ ಅದು.

ಈಗ ಚಾಪೆಗೆ ಬರೋಣ. ಎರಡು ಮೀಟರ್ ದೂರದಲ್ಲಿ ಕಿವಿ 35 ಸೆಂಟಿಮೀಟರ್ ಕೆಳಗಿಳಿದರೆ ನೋಟದ ಕೋನ ಸುಮಾರು 10 ಡಿಗ್ರಿ ಕೆಳಗೆ ವಾಲುತ್ತದೆ. ಕೆಳಗಿರುವ ವೂಫರ್ ಆಗ ಟ್ವೀಟರಿಗೆ ಹೋಲಿಸಿದರೆ ಕಿವಿಗೆ ಸುಮಾರು 3 ಸೆಂಟಿಮೀಟರ್ ಹತ್ತಿರವಾಗುತ್ತದೆ. ಈ 3 ಸೆಂಟಿಮೀಟರ್ ಅಂದರೆ ಸುಮಾರು 80 ಡಿಗ್ರಿ, ಅದು ವೂಫರಿನ ತಡವನ್ನು ತಿಂದುಹಾಕುತ್ತದೆ. ಉಳಿಯುವುದು 60ರ ಆಸುಪಾಸು, ತಗ್ಗು ಒಂದು ಡೆಸಿಬಲ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದೊಡ್ಡಮ್ಮನ ಕಿವಿಯೂ ಸರಿಯಿತ್ತು, ದೊಡ್ಡಪ್ಪನ ಕಿವಿಯೂ ಸರಿಯಿತ್ತು. ಪೆಟ್ಟಿಗೆ ತನ್ನ ಧ್ವನಿಯನ್ನು ಕುರ್ಚಿಯ ಕಡೆಗೆ ಕಳಿಸದೆ ನೆಲದ ಕಡೆಗೆ ಬಾಗಿಸಿ ಕಳಿಸುತ್ತಿತ್ತು. ಆದ್ದರಿಂದ ಕಿವಿಯ ಎತ್ತರ ಬದಲಿಸಿದಾಗ ಮಾತಿನ ಅಂಚು ಬದಲಾದರೆ, ಮೀಟರ್ ತೆಗೆಯುವ ಮೊದಲೇ ಫೇಸನ್ನು ಅನುಮಾನಿಸಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಪತ್ತೆ ಹಚ್ಚಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಜಗಲಿಯಲ್ಲಿ ಗೋಡೆ, ಕಂಬ, ಹಂಚಿನ ಮಾಡು ಎಲ್ಲವೂ ಧ್ವನಿಯನ್ನು ಹಿಂದಕ್ಕೆ ಕಳಿಸುವುದರಿಂದ ಅಲ್ಲಿ ಅಳತೆ ಮಾಡಿದರೆ ನಂಬುವಂತಿಲ್ಲ. ಅಡಿಕೆ ಒಣಗಿಸುವ ಅಂಗಳ ಆಗ ಖಾಲಿಯಿತ್ತು. ಅದರ ನಡುವೆ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಟ್ವೀಟರ್ ಮತ್ತು ಮೈಕ್ ಎರಡೂ ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುವಂತೆ, ನಡುವೆ ಒಂದು ಮೀಟರ್ ಅಂತರ ಬರುವಂತೆ ನಿಲ್ಲಿಸಿದೆ. ಹೀಗಿಟ್ಟಾಗ ನೆಲದಿಂದ ಪುಟಿದು ಬರುವ ಧ್ವನಿ ನೇರ ಧ್ವನಿಗಿಂತ ಸುಮಾರು 3.6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ REW ಎಂಬ ಧ್ವನಿ ಅಳೆಯುವ ತಂತ್ರಾಂಶ ಬಳಸಿ ಅದಕ್ಕೂ ಮುಂಚಿನ ಭಾಗವನ್ನಷ್ಟೇ ಉಳಿಸಿಕೊಂಡರೆ 300 ಹರ್ಟ್ಸ್‌ಗಿಂತ ಕೆಳಗಿನ ವಿವರ ಕಳೆದುಹೋಗುತ್ತದೆ, ಆದರೆ ನಮಗೆ ಬೇಕಾದ 2500ರ ಸುತ್ತಲಿನದು ಅಚ್ಚುಕಟ್ಟಾಗಿ ಸಿಗುತ್ತದೆ. ಮೈಕನ್ನು ಒಮ್ಮೆ ನಿಲ್ಲಿಸಿದ ಮೇಲೆ ಮುಟ್ಟಬಾರದು. ಒಂದು ಸೆಂಟಿಮೀಟರ್ ಅಲುಗಿದರೂ ಎರಡು ಅಳತೆಗಳ ನಡುವೆ 26 ಡಿಗ್ರಿ ಸುಳ್ಳು ಸೇರುತ್ತದೆ.

ಮೊದಲ ಅಳತೆಯಲ್ಲೇ 2500ರ ಬಳಿ ಒಂದು ಹೊಂಡ ಕಂಡಿತು, ಲೆಕ್ಕ ಹೇಳುವ 9 ಡೆಸಿಬಲ್‌ಗೆ ಹತ್ತಿರವೇ. ಟ್ವೀಟರಿನ ತಂತಿಗಳನ್ನು ಮತ್ತೆ ನೇರ ಮಾಡಿ ಜೋಡಿಸಿದೆ. ಹೊಂಡ ಹೆಚ್ಚುಕಡಿಮೆ ಮುಚ್ಚಿಹೋಯಿತು. ಕಾರಣ ಈಗ ನಿಮಗೆ ಹೊಳೆದಿರಬೇಕು. ನೇರ ಜೋಡಣೆಯಲ್ಲಿ ವೂಫರಿನ ಒಟ್ಟು ತಡ 180 ಮತ್ತು 140 ಸೇರಿ 320 ಡಿಗ್ರಿ. ಪೂರ್ತಿ ಒಂದು ಸುತ್ತಿಗೆ, 360ಕ್ಕೆ, ಬರೀ 40 ಕಡಿಮೆ. ಫಿಲ್ಟರಿನ 12ಕ್ಕೆ ಸ್ಪೀಕರ್‌ಗಳ ಸ್ವಂತ ಇಳಿಜಾರು ಸೇರಿಕೊಂಡು ಧ್ವನಿಯಲ್ಲಿ ಒಟ್ಟು ಇಳಿಜಾರು 24ರ ಹತ್ತಿರಕ್ಕೆ ಹೋಗಿತ್ತು, ಮತ್ತು 24 ಡೆಸಿಬಲ್‌ನ ಲಿಂಕ್‌ವಿಟ್ಸ್-ರೈಲಿ ಬಗೆಯಲ್ಲಿ ಎರಡೂ ಭಾಗಗಳು ತಂತಿ ತಿರುಗಿಸದೆಯೇ ಕೂಡುತ್ತವೆ. ಕಿವಿಗೆ ಬರುವುದು ಭಾಗಗಳನ್ನು ಎಣಿಸಿದ ಇಳಿಜಾರಲ್ಲ, ಗಾಳಿಯಲ್ಲಿ ಅಳೆದ ಇಳಿಜಾರು.

ಇಲ್ಲಿಗೆ ನಿಲ್ಲಿಸಬಹುದಿತ್ತು. 40 ಡಿಗ್ರಿ ವ್ಯತ್ಯಾಸಕ್ಕೆ ತಗ್ಗು ಅರ್ಧ ಡೆಸಿಬಲ್ ಮಾತ್ರ, ಗೆರೆ ಸಮವಾಗಿಯೇ ಕಾಣುತ್ತದೆ. ಆದರೆ ಆ ಸಮತಟ್ಟಾದ ಗೆರೆ ಫೇಸಿನ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ವ್ಯತ್ಯಾಸ 10 ಡಿಗ್ರಿಯಿದ್ದರೂ 40 ಇದ್ದರೂ ಕೂಡಿದ ಮಟ್ಟ ಬಹುತೇಕ ಒಂದೇ. ಫೇಸ್ ನಿಜವಾಗಿ ಎಷ್ಟು ಕೂಡಿದೆ ಎಂದು ತಿಳಿಯಬೇಕಾದರೆ ಟ್ವೀಟರನ್ನು ಬೇಕೆಂದೇ ತಪ್ಪಾಗಿ ತಿರುಗಿಸಿ ಹೊಂಡ ಎಷ್ಟು ಆಳ ಎಂದು ನೋಡಬೇಕು. ಆಗ ಲೆಕ್ಕ cos ಬದಲು sin ಆಗುತ್ತದೆ. 40 ಡಿಗ್ರಿಯಿದ್ದರೆ ಹೊಂಡ 9 ಡೆಸಿಬಲ್ ಆಳ, 20 ಇದ್ದರೆ 15, 10 ಇದ್ದರೆ 21. ಸರಿ ಜೋಡಣೆಯಲ್ಲಿ ಕಾಣದ ವ್ಯತ್ಯಾಸ ತಪ್ಪು ಜೋಡಣೆಯಲ್ಲಿ ಎದ್ದು ಕಾಣುತ್ತದೆ. ಹೊಂಡ ಆಳವಾಗಿದ್ದು, ಅದರ ಎರಡೂ ದಡ ಒಂದೇ ರೀತಿ ಇಳಿದಿದ್ದರೆ, ಆ ಬಿಂದುವೊಂದರಲ್ಲೇ ಅಲ್ಲದೆ ಅದರ ಆಚೀಚೆಯೂ ಫೇಸ್ ಜೊತೆಯಾಗಿ ಸಾಗುತ್ತಿದೆ ಎಂದು ತಿಳಿಯಬಹುದು. ಒಂದು ದಡ ಕಡಿದಾಗಿ ಇನ್ನೊಂದು ಸೋರಿದಂತಿದ್ದರೆ ಒಂದು ಬದಿಯಲ್ಲಿ ಹೊಂದಿಕೆ ತಪ್ಪಿದೆ. ಒಂದು ಎಚ್ಚರಿಕೆ: ಎರಡರ ಮಟ್ಟವೂ ಸಮವಿರಬೇಕು. 3 ಡೆಸಿಬಲ್ ಹೆಚ್ಚುಕಡಿಮೆಯಿದ್ದರೆ ಫೇಸ್ ಎಷ್ಟೇ ಕೂಡಿದ್ದರೂ ಹೊಂಡ 15ಕ್ಕಿಂತ ಆಳಕ್ಕೆ ಹೋಗುವುದಿಲ್ಲ.

ನನ್ನ ಹೊಂಡ 9 ಡೆಸಿಬಲ್ ಮಾತ್ರ ಇತ್ತು. ವೂಫರನ್ನು ಇನ್ನೂ 40 ಡಿಗ್ರಿ ಹಿಂದಕ್ಕೆ ಕಳಿಸಬೇಕಿತ್ತು. ಮೊದಲು ವೂಫರಿನ ಫಿಲ್ಟರಿನಲ್ಲಿದ್ದ ಕಾಯಿಲನ್ನು 1.2 ಮಿಲಿಹೆನ್ರಿಗೆ ಏರಿಸಿ ನೋಡಿದೆ, 4 ಡಿಗ್ರಿ ಸಿಕ್ಕಿತು, ಶ್ರಮಕ್ಕೆ ತಕ್ಕ ಫಲವಲ್ಲ. ಅದನ್ನು ತೆಗೆದು ಹಳೆಯ 1 ಮಿಲಿಹೆನ್ರಿಯ ಕಾಯಿಲನ್ನೇ ಹಾಕಿ, ವೂಫರಿಗೆ ಅಡ್ಡಲಾಗಿದ್ದ 4 ಮೈಕ್ರೋಫ್ಯಾರಡ್‌ನ ಜೊತೆಗೆ ಇನ್ನೊಂದು 4ನ್ನು ಸಮಾಂತರವಾಗಿ ಸೇರಿಸಿ 8 ಮಾಡಿದೆ. 2500ರಲ್ಲಿ ಮಟ್ಟ ಒಂದು ಡೆಸಿಬಲ್‌ಗಿಂತಲೂ ಕಡಿಮೆ ಇಳಿಯಿತು, ಫೇಸ್ ಮಾತ್ರ 26 ಡಿಗ್ರಿ ಹಿಂದೆ ಸರಿಯಿತು. ಉಳಿದದ್ದು 14. ಟ್ವೀಟರನ್ನು ತಿರುಗಿಸಿ ನೋಡಿದಾಗ ಹೊಂಡ 18 ಡೆಸಿಬಲ್ ಹತ್ತಿರಕ್ಕೆ ಇಳಿದಿತ್ತು. ಮತ್ತೆ ನೇರ ಮಾಡಿ ಬೆಸುಗೆ ಹಾಕಿದೆ. ಈ ಅಂಕಿಗಳೆಲ್ಲ 8 ಓಮ್ ಎಂದು ಹಿಡಿದ ಲೆಕ್ಕಕ್ಕೆ ಹತ್ತಿರವಿದ್ದವೇ ಹೊರತು ಚಾಚೂತಪ್ಪದೆ ಅವೇ ಆಗಿರಲಿಲ್ಲ. ನಿಮ್ಮ ಸ್ಪೀಕರ್‌ಗಳಿಗೆ ಬೇರೆಯೇ ಬೆಲೆಗಳು ಬರುತ್ತವೆ, ದಯವಿಟ್ಟು 8 ಮೈಕ್ರೋಫ್ಯಾರಡ್ ಎಂದು ಬರೆದುಕೊಂಡು ಹೋಗಬೇಡಿ.

ಮಾತಿನ ನಡುವೆ ಸಾಗರದ ಕಡೆಯಿಂದ ಬಂದಿದ್ದ, ಚಪ್ಪರಗಳಿಗೆ ಸೌಂಡ್ ಸಿಸ್ಟಮ್ ಹಾಕುವ ಯುವಕರೊಬ್ಬರು ಕೇಳಿದರು: "ಸಾರ್, ನಮ್ಮ ಪ್ರೊಸೆಸರ್‌ನಲ್ಲಿ 24 ಡೆಸಿಬಲ್ ಅಂತ ಒತ್ತಿದ್ರೆ ಆಯ್ತು, ಡಿಲೇನೂ ಇದೆ. ನಮಗೂ ಇದೆಲ್ಲ ಬೇಕಾ?" ಬೇಕು. ಪ್ರೊಸೆಸರ್‌ನಲ್ಲಿ ಒತ್ತುವ 24 ತಂತಿಯಲ್ಲಿರುವ 24, ಹಾರ್ನಿನ ಬಾಯಿಂದ ಹೊರಬರುವಾಗ ಅದಕ್ಕೆ ಸ್ಪೀಕರಿನ ಸ್ವಂತ ಇಳಿಜಾರು ಸೇರಿಕೊಂಡಿರುತ್ತದೆ. ಡಿಲೇ ದೂರದ ವ್ಯತ್ಯಾಸವನ್ನು ತುಂಬುತ್ತದೆ ಎಂಬುದು ದೊಡ್ಡ ಅನುಕೂಲ: ನನ್ನ 2.5 ಸೆಂಟಿಮೀಟರಿಗೆ ಮುಂದಿರುವ ಟ್ವೀಟರನ್ನು 0.072 ಮಿಲಿಸೆಕೆಂಡ್ ತಡಮಾಡಿದರೆ ಸಾಕಾಗುತ್ತಿತ್ತು. ಆದರೆ ಎಷ್ಟು ಡಿಲೇ ಸರಿ ಎಂದು ತಿಳಿಯುವ ದಾರಿ ನಿಮಗೂ ಅದೇ. ತಂತಿ ಅದಲುಬದಲು ಮಾಡಿದ ಕೆಲಸವನ್ನೇ ಮಾಡುವ ಪೊಲಾರಿಟಿ ಗುಂಡಿಯನ್ನು ತಿರುಗಿಸಿ, ಹೊಂಡ ಅತ್ಯಂತ ಆಳವಾಗುವ ಡಿಲೇಯನ್ನು ಹುಡುಕಿ, ಆಮೇಲೆ ಪೊಲಾರಿಟಿಯನ್ನು ಮರಳಿ ನೇರ ಮಾಡಿ. ಮೈಕನ್ನು ಕೇಳುವವರ ಕಿವಿಯ ಎತ್ತರದಲ್ಲಿಟ್ಟು ಇದನ್ನು ಮಾಡಬೇಕು, ಏಕೆಂದರೆ ಡಿಲೇ ಆ ಒಂದು ರೇಖೆಯ ಮೇಲೆ ಮಾತ್ರ ಪೂರ್ತಿ ನಿಜ.

ಇನ್ನೊಬ್ಬರು, ಫೇಸ್ ಕಿವಿಗೆ ಕೇಳುವುದೇ ಇಲ್ಲ ಎಂದು ಓದಿದ್ದೇನಲ್ಲ ಎಂದರು. ಅವರು ಓದಿದ್ದು ಬೇರೆ ಸಂಗತಿ. ವೂಫರ್ ಮತ್ತು ಟ್ವೀಟರ್ ಎರಡೂ ಜೊತೆಯಾಗಿಯೇ ಫೇಸಿನಲ್ಲಿ ನಿಧಾನವಾಗಿ ಸರಿಯುತ್ತಾ ಹೋದರೆ, 24 ಡೆಸಿಬಲ್‌ನ ಕ್ರಾಸ್‌ಓವರಿನಲ್ಲಿ ಆಗುವಂತೆ, ಅದನ್ನು ಸಾಮಾನ್ಯ ಸಂಗೀತದಲ್ಲಿ ಗುರುತಿಸುವುದು ತೀರ ಕಷ್ಟ. ಒಂದನ್ನು ಬಿಟ್ಟು ಇನ್ನೊಂದು ಸರಿದಾಗ ಆಗುವುದು ಮಟ್ಟದ ಹೊಂಡ, ಅದನ್ನು ನಮ್ಮ ದೊಡ್ಡಪ್ಪ ಮೊದಲ ಪದ್ಯ ಮುಗಿಯುವ ಮೊದಲೇ ಗುರುತಿಸಿದ್ದರು.

ಪೆಟ್ಟಿಗೆ ಮರಳಿ ಜಗಲಿಗೆ ಬಂತು. ಕುರ್ಚಿಯಲ್ಲೂ ಮಾತು ಬಿಡಿಸಿ ಕೇಳಿತು, ಚಾಪೆಯಲ್ಲೂ ಸಾಧಾರಣವಾಗಿ ಸರಿಯಿತ್ತು. ಆದರೆ ಕಾಫಿ ಲೋಟ ಹಿಡಿದುಕೊಂಡು ಬಂದ ದೊಡ್ಡಮ್ಮ ಪೆಟ್ಟಿಗೆಯ ಹತ್ತಿರ ನಿಂತು, "ಈಗ ನಿಂತ್ರೆ ಸ್ವಲ್ಪ ಮಂಕು ಅಲ್ವಾ?" ಎಂದರು. ಅವರು ಹೇಳಿದ್ದು ನಿಜ, ಅದನ್ನು ನಾನು ಸರಿಪಡಿಸಲಾರದೆ ಬಿಟ್ಟಿದ್ದೇನೆ. ಎರಡು ಸ್ಪೀಕರ್‌ಗಳು ಒಂದರ ಮೇಲೊಂದು 18 ಸೆಂಟಿಮೀಟರ್ ಅಂತರದಲ್ಲಿದ್ದರೆ, ನೇರ ರೇಖೆಯ ಮೇಲೆ ಫೇಸ್ ಎಷ್ಟೇ ಕೂಡಿದ್ದರೂ, ಸುಮಾರು 22 ಡಿಗ್ರಿ ಮೇಲೂ 22 ಡಿಗ್ರಿ ಕೆಳಗೂ ದಾರಿಯ ವ್ಯತ್ಯಾಸ ಅರ್ಧ ತರಂಗದಷ್ಟಾಗಿ ಅಲ್ಲಿ ಹೊಂಡ ಬಿದ್ದೇ ಬೀಳುತ್ತದೆ. ಎರಡು ಮೀಟರ್ ದೂರದಲ್ಲಿ ನಿಂತವರ ಕಿವಿ 14 ಡಿಗ್ರಿ ಮೇಲಿರುತ್ತದೆ, ಅಲ್ಲಿಗೇ 5 ಡೆಸಿಬಲ್ ಹೋಗಿರುತ್ತದೆ. ಹತ್ತಿರ ಬಂದಷ್ಟೂ ಹೆಚ್ಚು. ಕೆಪಾಸಿಟರ್ ಬದಲಿಸಿ ಈ ಹೊಂಡವನ್ನು ಮೇಲಿನಿಂದ ಕೆಳಕ್ಕೆ ಸರಿಸಬಹುದು, ಇಲ್ಲವಾಗಿಸಲು ಆಗುವುದಿಲ್ಲ.

ಆಗುವ ದಾರಿಗಳು ಎರಡೇ. ಸ್ಪೀಕರ್‌ಗಳನ್ನು ಹತ್ತಿರ ತರಬೇಕು, ಕ್ರಾಸ್‌ಓವರ್ ಬಿಂದುವನ್ನು ಕೆಳಗಿಳಿಸಿ ತರಂಗವನ್ನು ಉದ್ದ ಮಾಡಬೇಕು. ಅಂತರವನ್ನು 15 ಸೆಂಟಿಮೀಟರಿಗೂ ಬಿಂದುವನ್ನು 2000 ಹರ್ಟ್ಸ್‌ಗೂ ತಂದರೆ ಹೊಂಡಗಳು 35 ಡಿಗ್ರಿಯಾಚೆಗೆ ಹೋಗುತ್ತವೆ, ನಿಂತವರಿಗೆ ಆಗುವ ನಷ್ಟ 2 ಡೆಸಿಬಲ್‌ಗೆ ಇಳಿಯುತ್ತದೆ. ಅಷ್ಟು ಕೆಳಗೆ ಇಳಿಸಲು 1100 ಹರ್ಟ್ಸ್‌ನ ಟ್ವೀಟರಿಗೆ ನಾನು ಧೈರ್ಯ ಮಾಡುವುದಿಲ್ಲ, ಸಹಜ ಕಂಪನ 700ರ ಆಸುಪಾಸಿನಲ್ಲಿರುವ, ಮುಂದಿನ ತಟ್ಟೆ ಚಿಕ್ಕದಾಗಿರುವ ಟ್ವೀಟರ್ ಬೇಕು. ಅಂಥದೊಂದು ಜೊತೆ ತರಿಸಿಟ್ಟಿದ್ದೇನೆ. ಹಲಗೆಯಲ್ಲಿ ಎರಡು ಸುತ್ತುಗಳನ್ನೂ ಆದಷ್ಟು ಒತ್ತೊತ್ತಾಗಿ ಗುರುತು ಹಾಕಿದ್ದಾಗಿದೆ, ಅಡಿಕೆ ಕೆಲಸ ಮುಗಿದು ಅಂಗಳ ಖಾಲಿಯಾದ ಮೇಲೆ ಅಳತೆ.